ಕೈ ಎತ್ತಿದ್ದು ಕಾಣಿಸಿತ್ತಾ? ಬಾಸ್ ಫೈಟ್‌ಗಳ ನ್ಯಾಯ, ಅನ್ಯಾಯ

ವಿಡಿಯೊ ಗೇಮ್ ಆಡುವವರು ನಾಲ್ಕು ಜನ ಸೇರಿದರೆ ಒಂದು ಜಗಳ ಖಾಯಂ, ದಾರಿಗಡ್ಡ ನಿಲ್ಲುವ ದೊಡ್ಡ ಎದುರಾಳಿ ಅಂದರೆ ಬಾಸ್ ಬಗ್ಗೆ. ಒಬ್ಬ "ಆ ಬಾಸ್ ಮೋಸ ಕಣೋ" ಅನ್ನುತ್ತಾನೆ, ಇನ್ನೊಬ್ಬ "ನಿನಗೆ ಆಡೋಕೆ ಬರಲ್ಲ ಅಷ್ಟೇ" ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಅದೇ ನಾಲ್ಕು ಜನ ಇನ್ನೊಂದು ಬಾಸ್ ಹತ್ತಿರ ಇದಕ್ಕಿಂತ ಹೆಚ್ಚು ಸಲ ಸತ್ತಿರುತ್ತಾರೆ, ಆ ಬಾಸನ್ನು ಮಾತ್ರ ಬಾಯಿ ತುಂಬ ಹೊಗಳುತ್ತಾರೆ. ಹಾಲೋ ನೈಟ್‌ನ ಮ್ಯಾಂಟಿಸ್ ಲಾರ್ಡ್ಸ್ ಬಗ್ಗೆ ಕೆಟ್ಟ ಮಾತಾಡುವವರು ಸಿಗುವುದು ಕಷ್ಟ. ಎಲ್ಡನ್ ರಿಂಗ್‌ನ ಮಲೇನಿಯಾ ಹೆಸರೆತ್ತಿದರೆ, ಆಕೆಯನ್ನು ಗೆದ್ದವರು ಕೂಡ ಒಂದು ನಿರ್ದಿಷ್ಟ ಹೊಡೆತದ ಬಗ್ಗೆ ಇನ್ನೂ ಗೊಣಗುತ್ತಾರೆ. ಕಷ್ಟದ ಪ್ರಮಾಣದಿಂದ ಈ ವ್ಯತ್ಯಾಸ ಹುಟ್ಟುವುದಿಲ್ಲ. ಎರಡೂ ಕಷ್ಟವೇ. ಸತ್ತ ಮರುಕ್ಷಣ "ನಾನು ಏನು ನೋಡಲಿಲ್ಲ, ನೋಡಿದ್ದರೆ ಏನು ಮಾಡಬಹುದಿತ್ತು" ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೋ ಇಲ್ಲವೋ ಅನ್ನುವುದರಲ್ಲಿ ಇದೆ ಗುಟ್ಟು. ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ, ಗೇಮ್ ಮಾಡುವವರೂ ಸಹ.

ಮೂರೇ ಹೊಡೆತ

ಮ್ಯಾಂಟಿಸ್ ಲಾರ್ಡ್ಸ್ ಕಾಳಗವನ್ನು ಬಿಚ್ಚಿ ನೋಡೋಣ. 2017ರಲ್ಲಿ ಆಸ್ಟ್ರೇಲಿಯಾದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಮಾಡಿದ ಗೇಮ್ ಇದು. ಸಿಂಹಾಸನಗಳ ಮೇಲೆ ಮೂವರು ಒಡತಿಯರು. ಸವಾಲು ಹಾಕಿದ ಕೂಡಲೇ ಒಬ್ಬಳು ಮಾತ್ರ ಇಳಿದು ಬರುತ್ತಾಳೆ. ಆಕೆಯ ಬಳಿ ಇರುವುದು ಮೂರೇ ಹೊಡೆತ. ಒಂದು, ಅಂಗಳದ ಒಂದು ತುದಿಯಲ್ಲಿ ನೆಲದ ಮೇಲೆ ಪ್ರತ್ಯಕ್ಷಳಾಗಿ ಈಟಿ ಮುಂದೆ ಚಾಚಿ ಇನ್ನೊಂದು ತುದಿಗೆ ನುಗ್ಗುವುದು, ಇದಕ್ಕೆ ಹಾರಬೇಕು. ಎರಡು, ನಿಮ್ಮ ತಲೆಯ ಮೇಲೆ ಗಾಳಿಯಲ್ಲಿ ಕಾಣಿಸಿಕೊಂಡು ನೇರ ಕೆಳಗೆ ಚುಚ್ಚುವುದು. ಇದಕ್ಕೆ ಪಕ್ಕಕ್ಕೆ ಸರಿಯಬೇಕು. ಮೂರು, ಪಕ್ಕದ ಗೋಡೆಗೆ ಅಂಟಿಕೊಂಡು ಬೂಮರಾಂಗ್‌ನಂತೆ ತಿರುಗಿ ಬರುವ ಆಯುಧ ಎಸೆಯುವುದು. ಇದಕ್ಕೆ ಅದರ ದಾರಿಯ ಬಾಗು ನೋಡಿಕೊಂಡು ನಿಲ್ಲುವ ಜಾಗ ಬದಲಿಸಬೇಕು.

ಇಲ್ಲಿ ಗಮನಿಸಬೇಕಾದದ್ದು, ಆಕೆ ಎಲ್ಲಿ ಪ್ರತ್ಯಕ್ಷಳಾಗುತ್ತಾಳೆ ಎಂಬುದೇ ಮುನ್ಸೂಚನೆ. ನೆಲ, ಆಕಾಶ, ಗೋಡೆ. ಕೈ ಹೇಗೆ ತಿರುಚಿದಳು, ಕಣ್ಣು ಯಾವ ಕಡೆ ಹೊರಳಿತು ಎಂದು ಸೂಕ್ಷ್ಮವಾಗಿ ನೋಡುತ್ತಾ ಕೂರುವ ಅಗತ್ಯವಿಲ್ಲ, ಕಣ್ಣಂಚಿನಲ್ಲೇ ತಿಳಿದುಬಿಡುತ್ತದೆ. ಮೂರು ಜಾಗಕ್ಕೆ ಮೂರು ಉತ್ತರ, ಒಂದರ ಉತ್ತರ ಇನ್ನೊಂದರ ಜೊತೆ ಬೆರೆಯುವುದಿಲ್ಲ. ಪ್ರತಿ ಹೊಡೆತದ ಕೊನೆಗೆ ಆಕೆ ಅರೆಗಳಿಗೆ ನಿಲ್ಲುತ್ತಾಳೆ, ನಿಮ್ಮ ಏಟು ಬೀಳಬೇಕಾದದ್ದು ಆಗ.

ಇದಕ್ಕಿಂತಲೂ ಮುಖ್ಯವಾದ ಒಂದು ಸಂಗತಿ ಬಾಸ್‌ನ ಕಡೆ ಇಲ್ಲ, ಆಟಗಾರನ ಕಡೆ ಇದೆ. ಹಾಲೋ ನೈಟ್‌ನಲ್ಲಿ ಕತ್ತಿ ಬೀಸುತ್ತಲೇ ಓಡಬಹುದು, ಹಾರಬಹುದು. ಬೀಸಲು ಶುರು ಮಾಡಿದ ಮಾತ್ರಕ್ಕೆ ಕಾಲು ಕಟ್ಟಿಹೋಗುವುದಿಲ್ಲ. ಹಾಗಾಗಿ ಮುನ್ಸೂಚನೆ ಯಾವಾಗ ಕಂಡರೂ ಕೈಯಲ್ಲಿ ಉತ್ತರ ಇದ್ದೇ ಇರುತ್ತದೆ. ನಿಂತು ಗಾಯ ವಾಸಿ ಮಾಡಿಕೊಳ್ಳುವಾಗ ಮಾತ್ರ ಸಿಕ್ಕಿಬೀಳುತ್ತೀರಿ. ಅದು ನೀವೇ ಆರಿಸಿಕೊಂಡ ಅಪಾಯ.

ಸಮಯದ ಲೆಕ್ಕ

ಯಾವುದೇ ಹೊಡೆತಕ್ಕೆ ಮೂರು ಭಾಗ. ಕೈ ಎತ್ತುವುದು, ಹೊಡೆಯುವುದು, ಚೇತರಿಸಿಕೊಳ್ಳುವುದು. ಎತ್ತುವ ಭಾಗ ಎಷ್ಟು ಹೊತ್ತು ಇರಬೇಕು ಎನ್ನುವುದಕ್ಕೆ ಒಂದು ಒರಟು ಲೆಕ್ಕ ಹಾಕಬಹುದು. ಏನೋ ಒಂದು ಬೆಳಕು ಕಂಡ ತಕ್ಷಣ ಬಟನ್ ಒತ್ತಲು ಮನುಷ್ಯನಿಗೆ ಸುಮಾರು 0.2ರಿಂದ 0.25 ಸೆಕೆಂಡು ಬೇಕು. ಅದು ಬರುವುದು ಒಂದೇ ಎಂದು ಮೊದಲೇ ಗೊತ್ತಿದ್ದಾಗ. ನಾಲ್ಕೈದು ಹೊಡೆತಗಳಲ್ಲಿ ಇದು ಯಾವುದು ಎಂದು ಗುರುತಿಸಿ, ಅದಕ್ಕೆ ತಕ್ಕ ಬಟನ್ ಆರಿಸಬೇಕೆಂದರೆ 0.4 ಸೆಕೆಂಡು ಹಿಡಿಯಿರಿ. ಕಂಟ್ರೋಲರ್, ಗೇಮ್, ಟಿವಿ ಇವೆಲ್ಲ ಸೇರಿ ತಿನ್ನುವ ಸಮಯ ಇನ್ನೊಂದು 0.1 ಸೆಕೆಂಡು. ಒಟ್ಟು ಅರ್ಧ ಸೆಕೆಂಡು. ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್ ಓಡುವ ಗೇಮ್‌ನಲ್ಲಿ 30 ಫ್ರೇಮ್. ಇದಕ್ಕಿಂತ ತುಂಬ ಕಡಿಮೆ ಇದ್ದರೆ ಆಟಗಾರ ನೋಡಿ ಆಡುತ್ತಿಲ್ಲ, ಊಹಿಸಿ ಅಥವಾ ಬಾಯಿಪಾಠ ಮಾಡಿ ಆಡುತ್ತಿದ್ದಾನೆ.

ಊಹೆ, ಬಾಯಿಪಾಠ ಎರಡೂ ತಪ್ಪೇನಲ್ಲ. 1987ರ ನಿಂಟೆಂಡೊ ಗೇಮ್ ಮೈಕ್ ಟೈಸನ್ಸ್ ಪಂಚ್-ಔಟ್ ನಿಂತಿರುವುದೇ ಅದರ ಮೇಲೆ. ಅದರಲ್ಲಿ ಪಿಸ್ಟನ್ ಹೊಂಡಾ ಎಂಬ ಬಾಕ್ಸರ್ ಜ್ಯಾಬ್ ಮಾಡುವ ಮುಂಚೆ ಹುಬ್ಬು ಕುಣಿಸುತ್ತಾನೆ, ಅಂಥ ಒಂದೊಂದು ಚಾಳಿ ಒಬ್ಬೊಬ್ಬನಿಗೆ. ಕೊನೆಗೆ ಬರುವ ಟೈಸನ್, ಗೇಮ್‌ನ ಗಡಿಯಾರದಲ್ಲಿ ಮೊದಲ 90 ಸೆಕೆಂಡು ಬರೀ ಅಪ್ಪರ್‌ಕಟ್ ಹಾಕುತ್ತಾನೆ, ಒಂದು ಬಿದ್ದರೆ ಸೀದಾ ನೆಲಕ್ಕೆ. ಆ ಅಪ್ಪರ್‌ಕಟ್‌ಗೆ ಸಿಗುವ ಸಮಯ ತೀರಾ ಕಡಿಮೆ. ಆದರೂ ಜನ ಅದನ್ನು ಮೋಸ ಅನ್ನಲಿಲ್ಲ, ಯಾಕೆಂದರೆ ಆ 90 ಸೆಕೆಂಡಿನಲ್ಲಿ ಬರುವುದು ಒಂದೇ ಬಗೆಯ ಹೊಡೆತ. ಯಾವುದು ಎಂದು ಆರಿಸುವ ಕೆಲಸವೇ ಇಲ್ಲ, ಯಾವಾಗ ಎಂಬುದಷ್ಟೇ ಪ್ರಶ್ನೆ. ಆಯ್ಕೆ ಕಡಿಮೆ ಮಾಡಿದರೆ ಸಮಯವನ್ನೂ ಕಡಿಮೆ ಮಾಡಬಹುದು. ತಮಾಷೆಯೆಂದರೆ, ಅದೇ ಕಾಳಗವನ್ನು ಇವತ್ತಿನ ಎಲ್‌ಸಿಡಿ ಟಿವಿಯಲ್ಲಿ ಗೇಮ್ ಮೋಡ್ ಹಾಕದೆ ಆಡಿದರೆ ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಇಲ್ಲದಿದ್ದ ವಿಳಂಬ, ಆಟಗಾರನ ಪಾಲಿನ ಫ್ರೇಮ್‌ಗಳನ್ನು ನುಂಗಿರುತ್ತದೆ. ಬಾಸನ್ನು ಬೈಯುವ ಮುಂಚೆ ಟಿವಿ ಸೆಟ್ಟಿಂಗ್ ಒಮ್ಮೆ ನೋಡುವುದು ಒಳ್ಳೆಯದು.

2019ರ ಸೆಕಿರೋ ಇದೇ ಲೆಕ್ಕವನ್ನು ಇನ್ನೊಂದು ರೀತಿ ಬಿಡಿಸಿತು. ಕಾಪಾಡಿಕೊಳ್ಳಲು ಕತ್ತಿ ಅಡ್ಡ ಹಿಡಿದರೆ ಸಾಲದು ಎಂಬಂಥ ಹೊಡೆತ ಬರುವಾಗ ತಲೆಯ ಮೇಲೆ ದೊಡ್ಡ ಕೆಂಪು ಅಕ್ಷರವೊಂದು ಮೂಡುತ್ತದೆ, ಜೊತೆಗೊಂದು ಸದ್ದು. ಆದರೆ ಅಕ್ಷರ ಎಲ್ಲದಕ್ಕೂ ಒಂದೇ. ಮುಂದೆ ಚುಚ್ಚುತ್ತಾನೋ, ಕಾಲ ಬುಡಕ್ಕೆ ಬೀಸುತ್ತಾನೋ, ಹಿಡಿದುಕೊಳ್ಳಲು ಬರುತ್ತಾನೋ ಎಂಬುದನ್ನು ಮೈ ನೋಡಿಯೇ ತಿಳಿಯಬೇಕು. ಚುಚ್ಚಿದರೆ ಈಟಿಯತ್ತಲೇ ನುಗ್ಗಿ ಅದನ್ನು ಮೆಟ್ಟಬೇಕು, ಬೀಸಿದರೆ ಹಾರಬೇಕು, ಹಿಡಿಯಲು ಬಂದರೆ ದೂರ ಸರಿಯಬೇಕು. ಎಚ್ಚರಿಕೆಯನ್ನು ಗೇಮ್ ತಾನೇ ಕೂಗಿ ಹೇಳಿ, ಗುರುತಿಸುವ ಕೆಲಸ ಮಾತ್ರ ಆಟಗಾರನಿಗೆ ಬಿಟ್ಟಿದೆ. ಸ್ಪಿನ್ನರ್‌ನ ಮಣಿಕಟ್ಟು ನೋಡಿ ಗೂಗ್ಲಿ ಗುರುತಿಸುವ ಬ್ಯಾಟ್ಸ್‌ಮನ್‌ಗೆ ಸಿಗುವ ಖುಷಿಯೇ ಇಲ್ಲೂ ಸಿಗುತ್ತದೆ. ತಪ್ಪಾದರೂ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ.

ಎತ್ತಿದ ಕೈ ಇಳಿಯುವುದೇ ಇಲ್ಲ

ಮುನ್ಸೂಚನೆ ಉದ್ದವಾದಷ್ಟೂ ಒಳ್ಳೆಯದು ಎಂದುಕೊಂಡರೆ ಎಲ್ಡನ್ ರಿಂಗ್‌ನ ಮಾರ್ಗಿಟ್ ಅದನ್ನು ಸುಳ್ಳು ಮಾಡುತ್ತಾನೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲ ಮುಂದೆ ನಿಂತ ಈತ ಕೋಲನ್ನು ಮೇಲೆತ್ತಿ ಹಿಡಿದು ಹಾಗೇ ನಿಲ್ಲುತ್ತಾನೆ. ಎಲ್ಡನ್ ರಿಂಗ್ ಮಾಡಿದವರದೇ ಹಳೆಯ ಸೋಲ್ಸ್ ಗೇಮ್‌ಗಳಲ್ಲಿ ಪಳಗಿದವರು ಎತ್ತಿದ ಕೂಡಲೇ ತಪ್ಪಿಸಿಕೊಳ್ಳಲು ಉರುಳುತ್ತಾರೆ. ಉರುಳಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಕೋಲು ತಲೆಯ ಮೇಲೆ ಬೀಳುತ್ತದೆ. "ಇದೇನು ಗುರುತ್ವ ಇಲ್ಲವಾ ಇವನಿಗೆ" ಎಂಬ ಕೂಗು ಶುರುವಾದದ್ದು ಇಲ್ಲಿಂದ.

ನನ್ನ ಪ್ರಕಾರ ಇದು ನ್ಯಾಯವೇ, ಆದರೆ ಅಂಚಿನಲ್ಲಿ ನಿಂತ ನ್ಯಾಯ. ತಡವಾಗಿ ಬೀಳುವ ಹೊಡೆತದಲ್ಲಿ ಎರಡು ಸೂಚನೆ ಇರುತ್ತವೆ. ಎತ್ತಿದ್ದು ಒಂದು, ಬಿಟ್ಟಿದ್ದು ಇನ್ನೊಂದು. ಎತ್ತಿದ್ದು "ಯಾವುದು" ಎಂದು ಹೇಳುತ್ತದೆ, ಬಿಟ್ಟಿದ್ದು "ಯಾವಾಗ" ಎಂದು. ಎತ್ತಿದಾಗಲೇ ಉತ್ತರ ಯಾವುದೆಂದು ಆರಿಸಿ ಆಗಿರುವುದರಿಂದ, ಬಿಟ್ಟ ಮೇಲೆ ಬೇಕಾಗುವುದು ಸರಳ ಪ್ರತಿಕ್ರಿಯೆಯ ಸಮಯ ಮಾತ್ರ. ಮೇಲಿನ ಲೆಕ್ಕದಲ್ಲಿ ವಿಳಂಬವೂ ಸೇರಿ 0.35 ಸೆಕೆಂಡು ಸಾಕು. ಸೊಂಟ ಮುರಿದು ಮುಂದಕ್ಕೆ ಬಾಗುವುದು, ಭುಜ ಕೆಳಗಿಳಿಯುವುದು ಇಂಥದ್ದೇನಾದರೂ ಅಷ್ಟು ಮುಂಚೆ ಕಂಡರೆ ನೋಡಿ ಉರುಳಬಹುದು. ಎತ್ತಿದ ಭಂಗಿಯಲ್ಲೇ ಕಲ್ಲಿನಂತೆ ನಿಂತು, ಮೂರ್ನಾಲ್ಕು ಫ್ರೇಮ್‌ನಲ್ಲಿ ನೆಲಕ್ಕೆ ಅಪ್ಪಳಿಸಿದರೆ ಎಣಿಕೆ ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. ಅನೇಕ ಗೇಮ್‌ಗಳು ಮಾರ್ಗಿಟ್‌ನ ತಡವನ್ನು ನಕಲು ಮಾಡಿ, ಎರಡನೆಯ ಸೂಚನೆಯನ್ನು ಮರೆತಿವೆ. ತಡ ಮಾಡುವುದು ಸುಲಭ, ಬಿಡುವ ಗಳಿಗೆಯನ್ನು ಮೈಯಲ್ಲಿ ತೋರಿಸುವುದು ಅನಿಮೇಟರ್‌ನ ಕೆಲಸ.

ಮಾರ್ಗಿಟ್‌ನ ಇನ್ನೊಂದು ಚಾಳಿ ನನಗೆ ಅಷ್ಟು ಹಿಡಿಸುವುದಿಲ್ಲ. ದೂರ ಹೋಗಿ ಔಷಧಿ ಕುಡಿಯಲು ಬಟನ್ ಒತ್ತಿದರೆ ಸಾಕು, ಬೆಳಕಿನ ಚೂರಿ ಹಾರಿ ಬರುತ್ತದೆ. ಎದುರಾಳಿ ಕುಡಿಯುವಾಗ ಹೊಡೆಯುವುದು ಬುದ್ಧಿವಂತಿಕೆಯೇ. ಆದರೆ ಸೀಸೆ ಬಾಯಿಗೆ ಹೋಗುವ ಮುಂಚೆಯೇ ಆತನ ಕೈ ಮೇಲೇಳುತ್ತಿದ್ದರೆ, ಆತ ನಮ್ಮನ್ನು ನೋಡುತ್ತಿಲ್ಲ, ನಮ್ಮ ಬಟನ್ ಓದುತ್ತಿದ್ದಾನೆ ಅನ್ನಿಸಿಬಿಡುತ್ತದೆ. ಆಟಗಾರನಿಗೆ ಬೇಕಾಗುವ ಕಾಲು ಸೆಕೆಂಡನ್ನು ಬಾಸ್‌ಗೂ ಕೊಟ್ಟು, ಪ್ರತಿ ಸಲ ಹೊಡೆಯದೆ ಆಗಾಗ ಬಿಟ್ಟುಕೊಟ್ಟರೆ ಇದೇ ಚೂರಿ ಕಣ್ಣಿಗೆ ಚುಚ್ಚುವುದಿಲ್ಲ.

ಮಲೇನಿಯಾ ಹಾರಿದಾಗ

ಈಗ ಆ ಹೊಡೆತಕ್ಕೆ ಬರೋಣ. ವಾಟರ್‌ಫೌಲ್ ಡ್ಯಾನ್ಸ್. ಮಲೇನಿಯಾಳ ಹೆಲ್ತ್ ಮುಕ್ಕಾಲಿಗಿಂತ ಕೆಳಗಿಳಿದ ಮೇಲೆ ಇದು ಯಾವಾಗ ಬೇಕಾದರೂ ಬರಬಹುದು. ಆಕೆ ಗಾಳಿಗೆ ಚಿಮ್ಮಿ, ಒಂದು ಕ್ಷಣ ಅಲ್ಲೇ ತೇಲಿ, ಆಮೇಲೆ ಸುಂಟರಗಾಳಿಯಂತೆ ಕತ್ತಿ ಬೀಸುತ್ತ ನಿಮ್ಮ ಮೇಲೆ ಬೀಳುತ್ತಾಳೆ; ನಿಂತು, ಮತ್ತೆ ಬೀಳುತ್ತಾಳೆ; ಮತ್ತೆ. ಮುನ್ಸೂಚನೆ ಚೆನ್ನಾಗಿಯೇ ಇದೆ. ಆಕೆಯ ಬೇರೆ ಯಾವ ಹೊಡೆತವೂ ಹೀಗೆ ಶುರುವಾಗುವುದಿಲ್ಲ, ಒಮ್ಮೆ ನೋಡಿದವರು ಮರೆಯುವ ಹಾಗೇ ಇಲ್ಲ. ಅಂದರೆ ಮೊದಲ ಪ್ರಶ್ನೆಗೆ ಉತ್ತರ ಇದೆ. ಎಡವುವುದು ಎರಡನೆಯದರಲ್ಲಿ.

ಎಲ್ಡನ್ ರಿಂಗ್‌ನಲ್ಲಿ ಬೀಸಲು ಶುರು ಮಾಡಿದ ಕತ್ತಿಯನ್ನು ಅರ್ಧದಲ್ಲಿ ನಿಲ್ಲಿಸಿ ಓಡಲಾಗದು. ಭಾರದ ಗ್ರೇಟ್‌ಸ್ವೋರ್ಡ್ ಆದರೆ ಒಂದು ಏಟಿಗೆ ಸುಮಾರು ಒಂದು ಸೆಕೆಂಡು ಹೋಯಿತು ಎಂದಿಟ್ಟುಕೊಳ್ಳಿ. ನೀವು ಆಕೆಯ ಪಕ್ಕದಲ್ಲೇ ನಿಂತು ಏಟು ಶುರು ಮಾಡಿದ್ದೀರಿ, ಆ ಕ್ಷಣ ಆಕೆ ಚಿಮ್ಮಿದಳು. ಚಿಮ್ಮಿದ್ದು ಕಾಣುತ್ತಿದೆ, ಏನು ಬರಲಿದೆ ಎಂದೂ ಗೊತ್ತು, ಆದರೆ ಕತ್ತಿ ಇಳಿಯುವವರೆಗೆ ಕೈಕಾಲು ನಿಮ್ಮದಲ್ಲ. ಇಳಿದ ಮೇಲೆ ಉಳಿಯುವ ಸಮಯದಲ್ಲಿ ಆ ಮೊದಲ ಸುಂಟರಗಾಳಿಯ ಅಳತೆಯಿಂದ ಆಚೆ ಓಡುವಷ್ಟು ದೂರ ಸಾಗುವುದಿಲ್ಲ. ಒಂದು ಉರುಳಿನಲ್ಲಿ ಏಟು ತಾಗದ ಅವಧಿ ಚಿಕ್ಕದು, ಒಂದೇ ರಭಸದಲ್ಲಿ ಬೀಳುವ ಏಟುಗಳ ಸಾಲು ಅದಕ್ಕಿಂತ ಉದ್ದ. ದೂರದಲ್ಲಿ ನಿಂತವನಿಗೆ ಇದೇ ಹೊಡೆತ ಸಲೀಸು: ಮೊದಲ ರಭಸಕ್ಕೆ ಬೆನ್ನು ತೋರಿಸಿ ಓಡು, ಮುಂದಿನವಕ್ಕೆ ಆಕೆಯತ್ತಲೇ ಉರುಳಿ ಅಡಿಯಿಂದ ದಾಟು. ಹತ್ತಿರ ನಿಂತವನಿಗೆ ಬ್ಲಡ್‌ಹೌಂಡ್ಸ್ ಸ್ಟೆಪ್‌ನಂಥ ವಿಶೇಷ ಜಿಗಿತವೋ, ಆಕೆ ಚಿಮ್ಮಿದಾಗಲೇ ಎಸೆದು ಕೆಡವುವ ಫ್ರೀಜಿಂಗ್ ಪಾಟ್ ಎಂಬ ಮಡಕೆಯೋ ಬೇಕು, ಇಲ್ಲವೇ ಆಕೆಯ ಸುತ್ತ ಸುತ್ತುವ ತೀರಾ ನಾಜೂಕಾದ ಕಾಲ್ಚಳಕ ಬೇಕು. ಇವು ಯಾವುವೂ ಕಾಳಗ ನೋಡುತ್ತ ನೋಡುತ್ತ ತಾನಾಗಿ ಹೊಳೆಯುವಂಥವಲ್ಲ.

ಗುರಾಣಿ ಹಿಡಿದು ತಡೆದುಕೊಳ್ಳೋಣ ಎಂದರೆ ಆಕೆಯ ಇನ್ನೊಂದು ಗುಣ ಅಡ್ಡ ಬರುತ್ತದೆ. ಆಕೆಯ ಏಟು ತಾಗಿದಷ್ಟೂ ಆಕೆಯ ಹೆಲ್ತ್ ಏರುತ್ತದೆ, ಗುರಾಣಿಗೆ ತಾಗಿದರೂ ಸರಿ. ಹತ್ತಾರು ಏಟಿನ ಸಾಲನ್ನು ತಡೆದುಕೊಂಡು ಬದುಕಿದವನು ಕಣ್ಣೆತ್ತಿ ನೋಡಿದರೆ ತಾನು ಕಷ್ಟಪಟ್ಟು ಇಳಿಸಿದ ಹೆಲ್ತ್ ವಾಪಸ್ ಬಂದಿರುತ್ತದೆ. ಹೀಗಾಗಿ ಈ ಹೊಡೆತಕ್ಕೆ ಉಳಿದಿರುವ ನಿಜವಾದ ಸಲಹೆ ಒಂದೇ: ಮುಕ್ಕಾಲು ಹೆಲ್ತ್ ಆದಮೇಲೆ ಆಕೆ ಯಾವುದೋ ಬೇರೆ ಹೊಡೆತ ಮುಗಿಸಿ ಚೇತರಿಸಿಕೊಳ್ಳುವಾಗ ಮಾತ್ರ ಏಟು ಹಾಕು, ಹಾಕಿ ಹಿಂದೆ ಸರಿ. ಇದು ಕೆಲಸ ಮಾಡುತ್ತದೆ. ಆದರೆ ಇನ್ನೂ ಬಾರದ ಹೊಡೆತಕ್ಕೆ ಹೆದರಿ ಇಡೀ ಕಾಳಗ ಆಡುವಂತಾದರೆ ಮುನ್ಸೂಚನೆ ಇದ್ದೂ ಉಪಯೋಗವೇನು?

ಹಾಗಾಗಿ ಲೆಕ್ಕಕ್ಕೆ ಒಂದು ಸಾಲು ಸೇರಿಸಬೇಕು. ಗುರುತಿಸಲು ಬೇಕಾದ ಅರ್ಧ ಸೆಕೆಂಡಿನ ಜೊತೆಗೆ, ಆಟಗಾರ ಸಿಕ್ಕಿಕೊಂಡಿರಬಹುದಾದ ಅತಿ ಉದ್ದದ ಚಲನೆಯ ಉಳಿಕೆ ಸಮಯ. ಹಾಲೋ ನೈಟ್‌ನಲ್ಲಿ ಆ ಉಳಿಕೆ ಹತ್ತಿರ ಹತ್ತಿರ ಸೊನ್ನೆ. ಎಲ್ಡನ್ ರಿಂಗ್‌ನಲ್ಲಿ ಚಿಕ್ಕ ಕಠಾರಿ ಹಿಡಿದವನಿಗೆ ಸ್ವಲ್ಪ, ಗ್ರೇಟ್‌ಸ್ವೋರ್ಡ್ ಹೊತ್ತವನಿಗೆ ಬಹಳ. ಒಂದೇ ಬಾಸ್ ಒಬ್ಬನಿಗೆ ನ್ಯಾಯವಂತೆ, ಇನ್ನೊಬ್ಬನಿಗೆ ಮೋಸಗಾತಿ ಅನ್ನಿಸುವುದರ ಕಾರಣ ಬಹುಪಾಲು ಇಷ್ಟೇ. ಶುರುವಿನಲ್ಲಿ ಹೇಳಿದ ಜಗಳದಲ್ಲಿ ಇಬ್ಬರ ಕೈಯಲ್ಲಿರುವ ಆಯುಧ ಯಾವುದು ಎಂದು ಯಾರೂ ಕೇಳುವುದಿಲ್ಲ.

ಎರಡನೆಯ ಹಂತ

ಹಂತಗಳ ವಿಷಯದಲ್ಲೂ ಮ್ಯಾಂಟಿಸ್ ಲಾರ್ಡ್ಸ್ ಪಾಠ ಹೇಳುತ್ತಾರೆ. ಮೊದಲನೆಯವಳು ಸೋತು ಸಿಂಹಾಸನಕ್ಕೆ ಮರಳಿದ ಮೇಲೆ ಉಳಿದ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. ಹೊಸ ಹೊಡೆತ ಒಂದೂ ಇಲ್ಲ. ಅದೇ ಮೂರು, ಆದರೆ ಜೋಡಿಯಾಗಿ. ಎರಡು ಗೋಡೆಗಳಿಂದ ಎರಡು ಬೂಮರಾಂಗ್ ಹೊರಟು ಮಧ್ಯದಲ್ಲಿ ಅಡ್ಡ ಹಾಯುತ್ತವೆ. ಮೊದಲ ಹಂತದಲ್ಲಿ ಕಲಿತ ಒಂದಕ್ಷರವೂ ವ್ಯರ್ಥವಾಗುವುದಿಲ್ಲ, ಎರಡು ಉತ್ತರಗಳನ್ನು ಒಂದೇ ಕಾಲಕ್ಕೆ ಹೊಂದಿಸುವುದಷ್ಟೇ ಹೊಸ ಕೆಲಸ. ಇಬ್ಬರಲ್ಲಿ ಒಬ್ಬಳು ಬಿದ್ದ ತಕ್ಷಣ ಕಾಳಗ ಮತ್ತೆ ಒಬ್ಬಳದೇ ಆಗುತ್ತದೆ, ಅಂದರೆ ಕೊನೆಯ ಭಾಗವೇ ಹಗುರ. ಹೆಲ್ತ್ ಕಡಿಮೆಯಿದ್ದು ಕೈ ನಡುಗುವ ಹೊತ್ತಿಗೆ ಸರಿಯಾಗಿ ಗೊತ್ತಿರುವ ಪಾಠ ಎದುರಿಗೆ ಬರುತ್ತದೆ.

ಹೊಸದನ್ನೇ ತರುವ ಹಂತವೂ ನ್ಯಾಯವಾಗಿರಬಹುದು. ಸೆಕಿರೋದಲ್ಲಿ ಆಶಿನಾ ಕೋಟೆಯ ತುದಿಯಲ್ಲಿ ಗೆನಿಚಿರೋ ಎರಡು ಸಲ ಸೋತ ಮೇಲೆ ಕವಚ ಕಳಚಿ ಸಿಡಿಲನ್ನು ಹಿಡಿಯುತ್ತಾನೆ. ಆ ಸಿಡಿಲಿಗೆ ಹಳೆಯ ಉತ್ತರಗಳು ನಡೆಯುವುದಿಲ್ಲ. ಗಾಳಿಯಲ್ಲಿದ್ದಾಗ ಅದನ್ನು ಮೈಮೇಲೆ ತೆಗೆದುಕೊಂಡು, ಕಾಲು ನೆಲಕ್ಕೆ ತಾಗುವ ಮುಂಚೆ ಕತ್ತಿ ಬೀಸಿದರೆ ಸಿಡಿಲು ಅವನಿಗೇ ವಾಪಸ್. ನೆಲಕ್ಕೆ ತಾಗಿದಿರೋ, ಕೆಟ್ಟಿರಿ. ಹೊಸ ಹೊಡೆತವಾದರೂ ಆತ ಎತ್ತರಕ್ಕೆ ನೆಗೆದು ಕತ್ತಿಗೆ ಮಿಂಚು ಹತ್ತಿಸುವುದು ದೂರದಿಂದಲೇ ಕಾಣುತ್ತದೆ, ಉತ್ತರ ಗೊತ್ತಾದ ಮೇಲೆ ಈ ಹಂತ ಹಿಂದಿನ ಎರಡಕ್ಕಿಂತ ಬೇಗ ಮುಗಿಯುತ್ತದೆ. ಹೊಸ ಹಂತದ ಮೊದಲ ಹೊಡೆತ ಗಟ್ಟಿಯಾಗಿ, ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಇರಬೇಕು. ಈ ಒಂದು ವಿಷಯದಲ್ಲಿ ಮಲೇನಿಯಾಳೂ ಸರಿಯಾಗಿದ್ದಾಳೆ: ಎರಡನೆಯ ಹಂತ ಶುರುವಾಗುವುದೇ ಆಕೆ ಮೇಲೇರಿ, ರೆಕ್ಕೆ ಬಿಚ್ಚಿ, ಕೆಂಪು ಹೂವಾಗಿ ನೆಲಕ್ಕೆ ಅಪ್ಪಳಿಸುವುದರಿಂದ. ಓಡಲು ಸಮಯವಿದೆ, ಅಪ್ಪಳಿಸಿದ ಮೇಲೆ ಆಕೆ ಹೂವಿನೊಳಗೇ ಸ್ವಲ್ಪ ಹೊತ್ತು ಉಳಿಯುವುದರಿಂದ ತಿರುಗೇಟಿಗೂ ಎಡೆ ಇದೆ.

ಹಂತಗಳು ಕೆಡುವುದು ಹೆಚ್ಚಾಗಿ ಬೆಲೆಯ ವಿಷಯದಲ್ಲಿ. ಎರಡನೆಯ ಹಂತದ ಹೊಡೆತ ಕಲಿಯಬೇಕಾದರೆ ಪ್ರತಿ ಸಲ ಮೊದಲ ಹಂತವನ್ನು ದಾಟಿ ಬರಬೇಕು. ಮೊದಲ ಹಂತಕ್ಕೆ ಮೂರು ನಿಮಿಷ ಹಿಡಿದು, ಎರಡನೆಯದರಲ್ಲಿ ಹತ್ತು ಸೆಕೆಂಡಿಗೆ ಸತ್ತರೆ, ಗಂಟೆಗಟ್ಟಲೆ ಆಡಿದರೂ ನಿಜವಾದ ಅಭ್ಯಾಸ ಸಿಕ್ಕಿದ್ದು ಕೆಲವೇ ನಿಮಿಷ. ಕಪ್‌ಹೆಡ್ ಇದನ್ನು ಅರ್ಥ ಮಾಡಿಕೊಂಡ ಗೇಮ್. ಕೈಯಲ್ಲಿರುವುದು ಮೂರೇ ಜೀವದ ಅಂಕ, ಆದರೆ ಒಂದು ಬಾಸ್ ಕಾಳಗ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಸತ್ತಾಗ ತೆರೆಯ ಮೇಲೆ ಒಂದು ಗೆರೆ ಮೂಡಿ, ಎಷ್ಟು ದೂರ ಬಂದಿರಿ, ಮುಂದೆ ಎಷ್ಟು ಹಂತ ಬಾಕಿ ಎಂದು ತೋರಿಸುತ್ತದೆ. ಬಾಸ್‌ನ ಹೆಲ್ತ್ ಕಾಳಗದ ನಡುವೆ ತೋರಿಸದ ಗೇಮ್ ಅದು. ಆ ಗೆರೆ ಇಲ್ಲದಿದ್ದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಎಣಿಸಿ ನೋಡಿ

ಯಾವುದೋ ಹೊಡೆತ ಮೋಸ ಅನ್ನಿಸಿದರೆ ಎಣಿಸಿ ನೋಡಬಹುದು. ಕಾಳಗವನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿ, mpv ಪ್ಲೇಯರ್‌ನಲ್ಲಿ ತೆರೆದು `.` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, `,` ಒತ್ತಿದರೆ ಹಿಂದೆ. ಯೂಟ್ಯೂಬ್‌ನಲ್ಲೂ ವಿಡಿಯೊ ನಿಲ್ಲಿಸಿ ಇದೇ ಕೀಲಿ ಬಳಸಬಹುದು. ಬಾಸ್‌ನ ಭಂಗಿ ಬೇರೆ ಯಾವುದರ ಜೊತೆಗೂ ಗೊಂದಲವಾಗದಂತೆ ಬದಲಾದ ಮೊದಲ ಫ್ರೇಮ್ ಗುರುತಿಸಿ. ಅಲುಗಾಡಿದ ಮೊದಲ ಫ್ರೇಮ್ ಅಲ್ಲ. ಎರಡು ಹೊಡೆತ ಒಂದೇ ರೀತಿ ಶುರುವಾಗುತ್ತಿದ್ದರೆ, ಅವು ಬೇರೆಯಾಗುವ ಗಳಿಗೆಯಿಂದ ಎಣಿಕೆ ಶುರು. ಏಟು ತಾಗಿದ ಫ್ರೇಮ್‌ವರೆಗೆ ಎಣಿಸಿ, ಆ ಅವಧಿಯಲ್ಲಿ ನಿಮ್ಮ ಪಾತ್ರ ತನ್ನದೇ ಚಲನೆಯಲ್ಲಿ ಸಿಕ್ಕಿಕೊಂಡಿದ್ದ ಫ್ರೇಮ್‌ಗಳನ್ನು ಕಳೆಯಿರಿ. ಮೂವತ್ತರ ಮೇಲೆ ಉಳಿದರೆ ಬೈಯಲು ಕಾರಣ ಕಡಿಮೆ. ಹದಿನೈದರ ಕೆಳಗೆ ಬಂದರೆ ನಿಮ್ಮ ಕೋಪಕ್ಕೆ ಆಧಾರವಿದೆ. ನಡುವಿನದ್ದು ಎಷ್ಟು ಹೊಡೆತಗಳಲ್ಲಿ ಆರಿಸಬೇಕು ಎಂಬುದರ ಮೇಲೆ ನಿಂತಿದೆ.

ಎಣಿಕೆಯಲ್ಲಿ ಸಿಗದ ಒಂದು ಅಂಶವೂ ಇದೆ: ಕಾಣಿಸುವುದು. ಎಲ್ಡನ್ ರಿಂಗ್‌ನ 2024ರ ವಿಸ್ತರಣೆಯ ಕೊನೆಯ ಬಾಸ್ ಕಾನ್ಸಾರ್ಟ್ ರಡಾನ್, ಎರಡನೆಯ ಹಂತದಲ್ಲಿ ಬಹುತೇಕ ಪ್ರತಿ ಏಟಿನ ಜೊತೆ ಬೆಳಕಿನ ಕಂಬಗಳನ್ನು ಎಬ್ಬಿಸುತ್ತಿದ್ದ. ಫ್ರೇಮ್ ಲೆಕ್ಕದಲ್ಲಿ ಮುನ್ಸೂಚನೆ ಇದ್ದರೂ ಕಣ್ಣು ಕೋರೈಸಿ, ಮುಂದಿನ ಏಟಿಗೆ ಎತ್ತಿದ ಕೈಯೇ ಬೆಳಕಿನಲ್ಲಿ ಮುಳುಗಿಹೋಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ 1.14 ಪ್ಯಾಚ್‌ನಲ್ಲಿ ಆತನ ಕೆಲವು ಹೊಡೆತಗಳ ಚಲನೆ ತಿದ್ದಿದರು, ಕೆಲವು ಏಟಿನ ಬಲ ಇಳಿಸಿದರು, ಜೊತೆಗೆ ಕೆಲವು ಹೊಡೆತಗಳ ಬೆಳಕಿನ ಅಬ್ಬರ ತಗ್ಗಿಸಿ ಚೆನ್ನಾಗಿ ಕಾಣುವಂತೆ ಮಾಡಿದರು. ಪ್ಯಾಚ್ ಬಂದಾಗ ಚರ್ಚೆಯೆಲ್ಲ "ಬಾಸ್ ಸುಲಭ ಮಾಡಿಬಿಟ್ಟರು" ಎಂಬುದರ ಸುತ್ತ ನಡೆಯಿತು. ಬಲ ಇಳಿಸಿದ್ದರಿಂದ ಕಾಳಗ ಸುಲಭವಾಯಿತು, ನಿಜ. ಆದರೆ ಬೆಳಕು ತಗ್ಗಿಸಿದ್ದು ಬೇರೆ ಬಗೆಯ ತಿದ್ದುಪಡಿ. ಅದರಿಂದ ಒಂದು ಏಟಿನ ಪೆಟ್ಟೂ ಕಡಿಮೆಯಾಗುವುದಿಲ್ಲ, ಆತ ಯಾವ ಕೈ ಎತ್ತಿದ ಎಂಬುದು ಕಾಣುತ್ತದೆ, ಅಷ್ಟೇ.